ಸೀನನಿಗೆ, ಆ ಚಟ್ನಿಯ ವಿಷಯ

ಪ್ರೀತಿಯ ಸೀನ,

ನಮ್ಮ ಹೋಟೆಲಿನ ಚಟ್ನಿ ಬಗ್ಗೆ ಬಂದ ರಿವ್ಯೂಗೆ ನೀನು ತಿದ್ದಿ ಕಳಿಸಿದ ಉತ್ತರವನ್ನು ನಿನ್ನೆ ಬೆಳಿಗ್ಗೆ ಗೂಗಲ್‌ನಲ್ಲಿ ಹಾಕಿದೆ. ನಾನು ಬರೆದಿದ್ದು ಎರಡು ಪುಟ, ಉಳಿದಿದ್ದು ಏಳು ಸಾಲು.

ಭಾನುವಾರ ರಾತ್ರಿ ಆ ಒಂದು ಸ್ಟಾರ್ ನೋಡಿದಾಗ ಕೈ ನಡುಗಿತ್ತು. ‘ಚಟ್ನಿ ಹಳಸಿತ್ತು. ಹೇಳಿದರೆ ಕ್ಯಾಶ್‌ನಲ್ಲಿದ್ದವರು ಬೇರೆ ಯಾರೂ ಹೇಳಿಲ್ಲ ಅಂದರು. ಮಧ್ಯಾಹ್ನದಿಂದ ಹೊಟ್ಟೆ ಸರಿ ಇಲ್ಲ. ಈ ಹೋಟೆಲಿಗೆ ಯಾರೂ ಹೋಗಬೇಡಿ.’ ಅಷ್ಟೇ ಇದ್ದಿದ್ದು. ನಾನು ಹನ್ನೊಂದು ಗಂಟೆಗೆ ಕೂತು ಅಪ್ಪ ಹೋಟೆಲ್ ಶುರು ಮಾಡಿದಲ್ಲಿಂದ ಹಿಡಿದು ಎಲ್ಲವನ್ನೂ ಬರೆದೆ. ಅವರು ಎರಡು ಪ್ಲೇಟ್ ಇಡ್ಲಿ ಪೂರ್ತಿ ತಿಂದಿದ್ದು ಕ್ಯಾಮೆರಾದಲ್ಲಿದೆ ಅಂತಲೂ ಬರೆದೆ. ಬಿಲ್ಲಿನ ಹೊತ್ತು, ಅವರ ಜೊತೆ ಯಾರಿದ್ದರು ಅನ್ನೋದು ಕೂಡ.

ಕ್ಯಾಮೆರಾ ಸಾಲನ್ನು ನೀನು ಮೊದಲು ಹೊಡೆದೆ. ಊಟಕ್ಕೆ ಬಂದವರನ್ನು ಹೋಟೆಲ್‌ನವನು ಕ್ಯಾಮೆರಾದಲ್ಲಿ ಹುಡುಕಿ ನೋಡ್ತಾನೆ ಅಂತ ಗೊತ್ತಾದರೆ ಮತ್ತೆ ಯಾರು ಬರ್ತಾರೆ ಅಂದೆ. ಹೊಟ್ಟೆ ಕೆಟ್ಟಿದ್ದು ನಮ್ಮಿಂದಲ್ಲ ಅನ್ನೋ ಸಾಲೂ ಹೋಯಿತು. ಅದು ನಿನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ, ಹಾಗಾಗಿ ಹೌದು ಅನ್ನಬೇಡ, ಅಲ್ಲ ಅಂತಲೂ ಅನ್ನಬೇಡ ಅಂದೆ. ರಿವ್ಯೂ ತೆಗೆದರೆ ಮನೆಯವರಿಗೆಲ್ಲ ಊಟ ಉಚಿತ ಅಂತ ನಾನು ಕೊನೆಯಲ್ಲಿ ಸೇರಿಸಿದ್ದೆ. ಅದು ಗೂಗಲ್‌ನ ನಿಯಮಕ್ಕೇ ವಿರುದ್ಧ ಅಂತ ನೀನು ಹೇಳುವವರೆಗೂ ನನಗೆ ಗೊತ್ತಿರಲಿಲ್ಲ.

‘ನಮ್ಮ ಚಟ್ನಿ ಯಾವತ್ತೂ ತಾಜಾ’ ಅನ್ನೋ ಒಂದು ಸಾಲನ್ನು ಮಾತ್ರ ನೀನು ಹೊಡೆಯದೆ, ಪಕ್ಕದಲ್ಲಿ ‘ನೋಡಿದ್ದೀಯಾ?’ ಅಂತ ಬರೆದು ಬಿಟ್ಟಿದ್ದೆ.

ನೋಡಿರಲಿಲ್ಲ ಕಣೋ. ಸೋಮವಾರ ಒಳಗೆ ಹೋಗಿ ಬೆಳಿಗ್ಗೆ ಆರಕ್ಕೆ ರುಬ್ಬಿದ ಚಟ್ನಿಯಲ್ಲಿ ಒಂದು ಲೋಟ ತೆಗೆದು, ಒಲೆಯ ಪಕ್ಕ, ದಿನಾ ಪಾತ್ರೆ ಇಡುವ ಜಾಗದಲ್ಲೇ ಇಟ್ಟೆ. ಒಂಬತ್ತಕ್ಕೆ ಚೆನ್ನಾಗಿತ್ತು. ಹತ್ತೂವರೆಗೆ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದಿತ್ತು. ಹನ್ನೊಂದಕ್ಕೆ ಚಮಚ ಎತ್ತಿದರೆ ಎಳೆ ಎಳೆಯಾಗಿ ಲೋಳೆ. ಬಾಯಿಗೆ ಇಟ್ಟರೆ ಹುಣಸೆಯದ್ದಲ್ಲದ ಒಂದು ಹುಳಿ. ಇದು ಏಪ್ರಿಲ್, ಹಸಿ ಕಾಯಿ, ಮೇಲೆ ಒಲೆಯ ಕಾವು. ಒಗ್ಗರಣೆ ಘಮದಲ್ಲಿ ವಾಸನೆ ಮುಚ್ಚಿಹೋಗುತ್ತೆ, ನಾಲಿಗೆಗೆ ಮಾತ್ರ ಗೊತ್ತಾಗುತ್ತೆ. ಅವರು ಬಂದಿದ್ದು ಹನ್ನೊಂದು ದಾಟಿದ ಮೇಲೆ.

ಇಷ್ಟಕ್ಕೇ ನಿಲ್ಲಿಸೋಣ ಅಂತಿದ್ದೆ. ಆದರೆ ಹೇಳಿಬಿಡ್ತೀನಿ. ಒಂಬತ್ತೂವರೆಗೆ ಎರಡನೇ ಸಲ ರುಬ್ಬುವುದು ಅಪ್ಪನ ಕಾಲದ ಪದ್ಧತಿ. ಅದನ್ನು ನಿಲ್ಲಿಸಿದ್ದು ನಾನು. ಕಾಯಿ ರೇಟು ಏರಿದಾಗ, ‘ಇರೋದು ಖಾಲಿ ಆಗ್ಲಿ, ಆಮೇಲೆ ರುಬ್ಬು’ ಅಂತ ಭಟ್ಟರಿಗೆ ಹೇಳಿದ್ದೆ. ತಿಪಟೂರಿನಲ್ಲಿ ಕೂತು ನಾಲ್ಕು ತೆಂಗಿನಕಾಯಿ ಉಳಿಸಿದೆ, ಸೀನ. ಕ್ಯಾಶ್‌ನಲ್ಲಿ ಕೂತು ‘ಬೇರೆ ಯಾರೂ ಹೇಳಿಲ್ಲ’ ಅಂದವನೂ ನಾನೇ. ಭಟ್ಟರು ಇವತ್ತಿನವರೆಗೂ ‘ನೀವೇ ಹೇಳಿದ್ದಲ್ವಾ’ ಅಂತ ಒಂದು ಮಾತೂ ಎತ್ತಿಲ್ಲ. ಅದಕ್ಕೇ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಇದ್ದಿದ್ದರೆ ಅವರ ಮುಖ ನೋಡೋಕೆ ಆಗ್ತಿರಲಿಲ್ಲ.

ಕೊನೆಗೆ ಹಾಕಿದ್ದು ಇದು:

‘ನಮಸ್ಕಾರ. ಭಾನುವಾರ ನಿಮಗೆ ಬಡಿಸಿದ ಚಟ್ನಿ ಬೆಳಿಗ್ಗೆ 6ಕ್ಕೆ ರುಬ್ಬಿದ್ದು. 11ರ ಮೇಲೆ ಅದನ್ನು ಬಡಿಸಬಾರದಿತ್ತು. ನೀವು ಹೇಳಿದಾಗ ನಾನು ರುಚಿ ನೋಡದೆ ಉತ್ತರ ಕೊಟ್ಟೆ. ಎರಡೂ ನನ್ನ ತಪ್ಪು, ಕ್ಷಮಿಸಿ. ಮಂಗಳವಾರದಿಂದ ಚಟ್ನಿಯನ್ನು 3 ಗಂಟೆಗೊಮ್ಮೆ ಹೊಸದಾಗಿ ರುಬ್ಬುತ್ತಿದ್ದೇವೆ, ಉಳಿದದ್ದನ್ನು ಬಡಿಸುವುದಿಲ್ಲ. ನಿಮ್ಮ ಆರೋಗ್ಯ ಈಗ ಹೇಗಿದೆ? ಹೋಟೆಲ್ ನಂಬರಿಗೆ ಕರೆ ಮಾಡಿದರೆ ನಾನೇ ಮಾತಾಡುತ್ತೇನೆ. – ಮಾಲೀಕ’

‘ನನ್ನ ತಪ್ಪು’ ಅನ್ನೋದನ್ನು ‘ನಮ್ಮ ತಪ್ಪು’ ಮಾಡು, ಮೆತ್ತಗಾಗುತ್ತೆ ಅಂತ ನೀನು ತಿದ್ದಿದ್ದೆ. ಅದೊಂದನ್ನು ಮಾತ್ರ ವಾಪಸ್ ಹಾಕಿದೆ. ‘ನಮ್ಮ’ ಅಂದರೆ ಭಟ್ಟರೂ ಅದರೊಳಗೆ ಬರ್ತಾರೆ.

ಸ್ಟಾರ್ ಒಂದೇ ಇದೆ, ಫೋನೂ ಬಂದಿಲ್ಲ. ಇರಲಿ ಬಿಡು.

ಎಷ್ಟೊಂದು ಬರೆದುಬಿಟ್ಟೆ ನೋಡು. ನೀನಿದ್ದರೆ ಇದನ್ನೂ ಏಳು ಸಾಲು ಮಾಡ್ತಿದ್ದೆ. ಮುಂದಿನ ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಬಾ. ಹತ್ತಕ್ಕೆ ಬಂದರೆ ಸಾಕು, ಅಷ್ಟೊತ್ತಿಗೆ ಎರಡನೇ ಸಲದ ಒಗ್ಗರಣೆ ಬಿದ್ದಿರುತ್ತೆ.

ನಿನ್ನ
ಗಿರಿ