ಅರ್ಧ ಫೀಸ್ ಕೇಳುವ ಖರೀದಿದಾರ: ಮಗಳಿಗೊಂದು ಪತ್ರ

ಪುಟ್ಟಿ,

ಆ ಹೊಸ ಖರೀದಿದಾರರ ಮೇಲ್ ಕಳಿಸಿದ್ದೆಯಲ್ಲ, ಓದಿದೆ. ಎರಡು ಕಂಟೇನರ್ ಮಾಲು, 86,000 ಡಾಲರ್ ಆರ್ಡರ್. ಮಾಲು ತಪಾಸಣೆ ಮಾಡುವ ಇನ್ಸ್‌ಪೆಕ್ಷನ್ ಏಜೆಂಟಿಗೆ ಬರೀ 640 ಡಾಲರ್, ಅದರಲ್ಲೂ ಅರ್ಧ ಅವರೇ ಕೊಡ್ತಾರಂತೆ, ಉಳಿದರ್ಧ ನೀನು ಮೊದಲೇ ಕಟ್ಟಬೇಕಂತೆ. ಆ 'ಅರ್ಧ' ಇದೆಯಲ್ಲ, ಗಾಳ ಇರೋದೇ ಅಲ್ಲಿ. ಪೂರ್ತಿ ಕೇಳಿದ್ದರೆ ನಿನಗೆ ಅನುಮಾನ ಬರುತ್ತಿತ್ತು.

ನನಗೆ ಮೊದಲು ಖಟಕ್ ಅಂದಿದ್ದು ಅವರು ಕೇಳದೇ ಬಿಟ್ಟ ಪ್ರಶ್ನೆಗಳು. ನೀನು ಹೇಳಿದ ರೇಟಿಗೆ ಚೌಕಾಸಿಯಿಲ್ಲದೆ ಒಪ್ಪಿದ್ದಾರೆ. ಪ್ಯಾಕಿಂಗ್ ಹೇಗೆ, ಕಸ್ಟಮ್ಸ್ ಡ್ಯೂಟಿ ಲೆಕ್ಕಕ್ಕೆ ಬೇಕಾದ ಎಚ್‌ಎಸ್ ಕೋಡ್ ಯಾವುದು, ಒಂದನ್ನೂ ಕೇಳಿಲ್ಲ. ಅಷ್ಟು ಮಾಲು ತರಿಸುವವರು ಡ್ಯೂಟಿ ಎಷ್ಟು ಬೀಳುತ್ತೆ ಅಂತ ನೋಡದೆ ಇರ್ತಾರಾ?

ಇನ್ಸ್‌ಪೆಕ್ಷನ್ ನಡೆಯುವುದು ಸಾಮಾನ್ಯವಾಗಿ ಮಾಲು ತಯಾರಾದ ಮೇಲೆ, ಲೋಡಿಂಗಿಗೆ ಮುಂಚೆ. ಗೋದಾಮಿಗೆ ಬಂದು ಕಾರ್ಟನ್ ಎಣಿಸುತ್ತಾರೆ, ಕೆಲವನ್ನು ಬಿಚ್ಚಿ ನೋಡುತ್ತಾರೆ. ನಿನ್ನ ಮಾಲು ಇನ್ನೂ ಶುರುವೇ ಆಗಿಲ್ಲ, ಕಾಂಟ್ರಾಕ್ಟಿಗೆ ಸಹಿಯೂ ಬಿದ್ದಿಲ್ಲ. ಖರೀದಿದಾರ ತನ್ನ ಸಮಾಧಾನಕ್ಕೆ ಮಾಡಿಸುವ ತಪಾಸಣೆಯ ಖರ್ಚು ಸಾಮಾನ್ಯವಾಗಿ ಅವನದೇ. ನೀನು ಪಾಲು ಕೊಡಬೇಕಿದ್ದರೆ ಅದು ಕಾಂಟ್ರಾಕ್ಟಿನಲ್ಲೇ ಇರಬೇಕು.

ಏಜೆಂಟಿನ ಫೀಸಿಗೆ ಅಂತ ಬಂದಿರುವ ಇನ್ವಾಯ್ಸ್ ಇನ್ನೊಮ್ಮೆ ನೋಡು. ಮೇಲೆ ದೊಡ್ಡ ಕಂಪನಿಯ ಲೋಗೋ, ಕೆಳಗೆ ಬ್ಯಾಂಕ್ ಖಾತೆ ಯಾರೋ ಒಬ್ಬ ವ್ಯಕ್ತಿಯ ಹೆಸರಲ್ಲಿ, ಅದೂ ಮೂರನೇ ದೇಶದಲ್ಲಿ. ಇನ್ವಾಯ್ಸಿನಲ್ಲಿರುವ ನಂಬರಿಗೆ ಫೋನ್ ಮಾಡಬೇಡ. ಆ ಕಂಪನಿಯ ವೆಬ್‌ಸೈಟ್ ನೀನೇ ಹುಡುಕಿ, ಅವರ ಆಫೀಸಿಗೆ ಇನ್ವಾಯ್ಸ್ ನಂಬರ್ ಹೇಳಿ ಕೇಳು. ಜಿಮೇಲ್‌ನಲ್ಲಿ Show original ಒತ್ತಿ, From ವಿಳಾಸ ಮತ್ತು ನಿನ್ನ ಉತ್ತರ ಹೋಗುವ Reply-To ವಿಳಾಸ ಒಂದೇ ಇದೆಯಾ ಅಂತಲೂ ನೋಡು. ಒಂದೇ ಇದ್ದ ಮಾತ್ರಕ್ಕೆ ನಂಬಬೇಕಾಗಿಲ್ಲ.

ಸ್ಯಾಂಪಲ್ ವಿಷಯ ಸ್ವಲ್ಪ ಬೇರೆ. ನಿನಗೆ ಬೇಕಾದ ಕೊರಿಯರ್‌ನಲ್ಲಿ, ನಿನ್ನ ಖರ್ಚಿನಲ್ಲಿ ಕಳಿಸುವುದು ವ್ಯಾಪಾರದಲ್ಲಿ ಮಾಮೂಲು. ಸ್ಯಾಂಪಲ್ ಸಾಗಿಸೋಕೂ 'ನಮ್ಮ ಏಜೆಂಟಿಗೇ ಮೊದಲು ಕಟ್ಟಿ' ಅಂದಾಗ ನಿಲ್ಲಿಸು. ಎಷ್ಟೋ ನಿಜವಾದ ಖರೀದಿದಾರರು ತಮ್ಮ ಕೊರಿಯರ್ ಖಾತೆ ನಂಬರನ್ನೇ ಕೊಟ್ಟುಬಿಡ್ತಾರೆ. ಅಲ್ಲೂ ಒಂದು ತೊಡಕಿದೆ. ನಂಬರ್ ಕದ್ದದ್ದಾಗಿದ್ದು ಖಾತೆಯವರು ದುಡ್ಡು ಕೊಡಲ್ಲ ಅಂದರೆ, ಬಿಲ್ಲು ಪಾರ್ಸೆಲ್ ಕಳಿಸಿದವರ ತಲೆಗೇ ಬರುತ್ತದೆ. ಹೊಸಬರಾದರೆ ಸ್ಯಾಂಪಲ್ ಮತ್ತು ಕೊರಿಯರ್ ಖರ್ಚು ಸೇರಿಸಿ ಪ್ರೊಫಾರ್ಮಾ, ಅಂದರೆ ಮುಂಗಡ ಬಿಲ್ಲು, ಕಳಿಸು. ದುಡ್ಡು ಬ್ಯಾಂಕಿಗೆ ಬಂದ ಮೇಲೆ ಪಾರ್ಸೆಲ್ ಹೊರಡಲಿ.

ಈಗ ಅವರಿಗೆ ಇಷ್ಟೇ ಬರೆ: 'ಏಜೆಂಟಿಗೆ ಪೂರ್ತಿ ನೀವೇ ಕಟ್ಟಿ, ನಮ್ಮ ಪಾಲನ್ನು ನಾವು ಕಳಿಸುವ ಮಾಲಿನ ಇನ್ವಾಯ್ಸಿನಲ್ಲಿ ಮುರಿದುಕೊಳ್ಳಿ.' ನಿಜವಾದವರಿಗೆ ಇದರಲ್ಲಿ ನಷ್ಟವೇನಿಲ್ಲ, ಅಲ್ವಾ? 'ಕಂಪನಿ ರೂಲ್ಸ್ ಪ್ರಕಾರ ನೀವೇ ಮೊದಲು' ಅಂತ ಹಟ ಹಿಡಿದರೆ ಅಲ್ಲಿಗೇ ಬಿಡು. ನಂಬಿಸೋಕೆ ಎಲ್‌ಸಿಯ, ಅಂದರೆ ದುಡ್ಡಿಗೆ ಖರೀದಿದಾರರ ಬ್ಯಾಂಕ್ ಕೊಡುವ ಖಾತರಿ ಪತ್ರದ, ಪಿಡಿಎಫ್ ಕಳಿಸಬಹುದು, ಸೀಲು ಸಹಿ ಎಲ್ಲ ಇರುತ್ತೆ. ಅಸಲಿ ಎಲ್‌ಸಿ ಬ್ಯಾಂಕಿಂದ ಬ್ಯಾಂಕಿಗೆ ಬರುತ್ತದೆ. ನಿನ್ನ ಬ್ಯಾಂಕಿನವರು 'ಬಂದಿದೆ' ಅನ್ನುವ ತನಕ ಅದು ಸುಮ್ನೆ ಒಂದು ಹಾಳೆ.

ಅವರು ಏನು ಉತ್ತರ ಕೊಟ್ಟರು ಅಂತ ನನಗೂ ಕಳಿಸು.

ನಿನ್ನ ಅಪ್ಪ