ಭಾನುವಾರದ ಸ್ಪಂಜ್ ಕೇಕ್‌ಗೆ ಹಿಟ್ಟು ಮನೆಯಲ್ಲೇ ಮಾಡಿ ತನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ವೆನಿಲ್ಲಾ ಸ್ಪಂಜ್ ಮಾಡ್ತಿದ್ದೇವೆ. ಬರುವವರೆಲ್ಲ ಕೇಕ್ ಹಿಟ್ಟು ತರಬೇಕು. ಅಂಗಡಿ ಅಂಗಡಿ ಅಲೆಯೋದು ಬೇಡ, ಮನೆಯಲ್ಲೇ ಆಗುತ್ತೆ.

ಒಂದು ಕಪ್ ಮೈದಾ ಮಟ್ಟವಾಗಿ ಅಳೆದು, ಅದರಿಂದ 2 ಟೇಬಲ್ ಚಮಚ ತೆಗೆದುಬಿಡಿ. ಅಷ್ಟೇ ಕಾರ್ನ್‌ಫ್ಲೋರ್ ಹಾಕಿ. ತಕ್ಕಡಿ ಇದ್ದರೆ 110 ಗ್ರಾಂ ಮೈದಾ, 15 ಗ್ರಾಂ ಕಾರ್ನ್‌ಫ್ಲೋರ್. ಆಮೇಲೆ ಮೂರು ಸಲ ಜರಡಿ ಹಿಡಿಯಿರಿ, ಇದನ್ನು ಮಾತ್ರ ಬಿಡಬೇಡಿ, ಯಾಕಂದ್ರೆ ಸರಿಯಾಗಿ ಬೆರೆಯದಿದ್ದರೆ ಕೇಕ್‌ನಲ್ಲಿ ಅಲ್ಲಲ್ಲಿ ಬಿಳಿ ಗಂಟು ಉಳಿಯುತ್ತೆ. ಕಾರ್ನ್‌ಫ್ಲೋರ್ ಅಂದ್ರೆ ಬೆರಳಲ್ಲಿ ಒತ್ತಿದರೆ ಕಿರುಗುಟ್ಟುವ ಬಿಳಿ ಪುಡಿ. ಹಳದಿ ಮೆಕ್ಕೆಜೋಳದ ಹಿಟ್ಟು ತರಬೇಡಿ, ಅದು ತರಿತರಿ.

ಮೈದಾದಲ್ಲಿರುವ ಪ್ರೋಟೀನ್ ನೀರು ಸೇರಿ ಕಲಸಿದಾಗ ಜಿಗುಟಾದ ಗ್ಲುಟೆನ್ ಆಗುತ್ತೆ. ಕಾರ್ನ್‌ಫ್ಲೋರ್ ಬರೀ ಪಿಷ್ಟ, ಹಾಗಾಗಿ ಜಿಗುಟು ಕಡಿಮೆಯಾಗಿ ಕೇಕ್ ಮೆತ್ತಗಾಗುತ್ತೆ. ಸ್ಪಂಜ್, ಶಿಫಾನ್‌ನಂಥ ಹಗುರ ಕೇಕ್‌ಗಳಲ್ಲಿ ಇದರ ವ್ಯತ್ಯಾಸ ಬಾಯಲ್ಲೇ ಗೊತ್ತಾಗುತ್ತೆ. ಬಾಳೆಹಣ್ಣಿನ ಕೇಕ್, ಕುಕೀಸ್‌ಗೆ ಸುಮ್ನೆ ಮೈದಾ ಸಾಕು. ಕೋಕೋ ಜಾಸ್ತಿ ಇರುವ ಚಾಕೊಲೇಟ್ ಕೇಕ್‌ಗೂ ಬೇಡ, ಕೋಕೋದಲ್ಲಿ ಗ್ಲುಟೆನ್ ಇಲ್ಲವಲ್ಲ, ಇನ್ನೂ ಕಾರ್ನ್‌ಫ್ಲೋರ್ ಸೇರಿಸಿದರೆ ಕತ್ತರಿಸುವಾಗ ಪುಡಿಪುಡಿ. ಬ್ರೆಡ್‌ಗಂತೂ ಬೇಡವೇ ಬೇಡ. ಒಂದು ಮಾತು, ಹಿಟ್ಟು ಸರಿ ಇದ್ದರೂ ಹಿಟ್ಟು ಹಾಕಿದ ಮೇಲೆ ಜೋರಾಗಿ ಕಲಸಿದರೆ ಕೇಕ್ ಗಟ್ಟಿಯೇ.

ಒಬ್ಬೊಬ್ಬರಿಗೆ ಒಂದು ಕಪ್ ಸಾಕು, ಗಾಳಿಯಾಡದ ಡಬ್ಬಿಯಲ್ಲಿ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಮೊಟ್ಟೆ ತರಿಸಬೇಕು.