ಚಿಕ್ಕ ಹೆಂಡತಿಯ ಮಕ್ಕಳಿಗೆ ಪೌತಿ ಖಾತೆಯಲ್ಲಿ ಜಾಗ ಎಲ್ಲಿ? ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ನಮಸ್ಕಾರಗಳು.

ನಾನು ಒಂದು ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ, ಅಫಿಡವಿಟ್, ಕ್ರಯಪತ್ರ ಬರೆದುಕೊಡುವವನು. 22 ವರ್ಷವಾಯಿತು. ವಕೀಲನಲ್ಲ. ಆದರೆ ಜನ ವಕೀಲರ ಹತ್ತಿರ ಹೋಗುವ ಮೊದಲು ನನ್ನ ಮೇಜಿಗೆ ಬರುತ್ತಾರೆ. ಹಾಗಾಗಿ ಜಗಳ ಎಲ್ಲಿ ಶುರುವಾಗುತ್ತದೆ ಅನ್ನುವುದು ನನಗೆ ಸ್ವಲ್ಪ ಬೇಗ ಗೊತ್ತಾಗುತ್ತದೆ. ಎರಡನೇ ಮದುವೆಯ ಮಕ್ಕಳ ಆಸ್ತಿ ಜಗಳ ಜಾಸ್ತಿ ಶುರುವಾಗುವುದು ಕೋರ್ಟಿನಲ್ಲಲ್ಲ. ನಿಮ್ಮ ಇಲಾಖೆಯ ವಂಶವೃಕ್ಷದ ಹಾಳೆಯಲ್ಲಿ.

ಹೋದ ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳು ಬಂದರು. ಐವತ್ತೈದು ದಾಟಿರಬಹುದು. ಜೊತೆಗೆ ಗೂಡ್ಸ್ ಆಟೋ ಓಡಿಸುವ ಮಗ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಗಂಡನ ಮರಣ ಪತ್ರ, ಹಳೇ ರೇಷನ್ ಕಾರ್ಡು, ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮೂಲೆಗೆ ಅರಿಶಿನ ಹಚ್ಚಿದ 1994ರ ಲಗ್ನಪತ್ರಿಕೆ. ಕೊನೆಗೆ ವಂಶವೃಕ್ಷದ ನಕಲು. ಅದರಲ್ಲಿ ತೀರಿಕೊಂಡ ಯಜಮಾನರ ಕೆಳಗೆ ಒಬ್ಬರೇ ಹೆಂಡತಿ, 'ಮೃತ' ಅಂತ. ಅವರ ಕೆಳಗೆ ಒಬ್ಬ ಮಗ, ಒಬ್ಬ ಮಗಳು. ನನ್ನ ಮುಂದೆ ಕೂತಿದ್ದವರ ಹೆಸರೂ ಇಲ್ಲ, ಅವರ ಇಬ್ಬರು ಮಕ್ಕಳ ಹೆಸರೂ ಇಲ್ಲ. ಅಷ್ಟು ಹೊತ್ತಿಗೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವುದು, ಆಗಿಹೋಗಿತ್ತು. ಪಹಣಿಯ 9ನೇ ಕಾಲಂನಲ್ಲಿ ದೊಡ್ಡ ಹೆಂಡತಿಯ ಮಕ್ಕಳಿಬ್ಬರ ಹೆಸರು ಕೂತಿತ್ತು. ಕೇಳಲು ಹೋದಾಗ ಕಚೇರಿಯಲ್ಲಿ ಹೇಳಿದ್ದು ಇಷ್ಟೇ: "ಎರಡನೇ ಸಂಬಂಧಕ್ಕೆ ಜಮೀನು ಬರಲ್ಲಮ್ಮ. ಬೇಕಿದ್ರೆ ಕೋರ್ಟಿಗೆ ಹೋಗಿ."

ಸ್ವಾಮಿ, ಆ ಮಾತಿನಲ್ಲಿ ಅರ್ಧ ನಿಜ ಇದೆ. ಅರ್ಧ ನಿಜ ಇರುವುದರಿಂದಲೇ ಅದು ಊರೂರು ಓಡಾಡುತ್ತದೆ.

ಮೊದಲು ಆ ತಾಯಿಯ ವಿಷಯ. ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಮೇ 18ಕ್ಕೆ. ಅಲ್ಲಿಂದಾಚೆಗೆ ಮೊದಲ ಹೆಂಡತಿ ಬದುಕಿದ್ದು, ವಿಚ್ಛೇದನವೂ ಆಗದೆ ಇನ್ನೊಂದು ಮದುವೆಯಾದರೆ ಅದು ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ. ಸಾವಿರ ಜನಕ್ಕೆ ಊಟ ಹಾಕಿದ್ದರೂ ಅಲ್ಲ. ಈ ಪ್ರಕರಣದಲ್ಲಿ ದೊಡ್ಡ ಹೆಂಡತಿ ತೀರಿಕೊಂಡದ್ದು 2009ರಲ್ಲಿ, ಚಿಕ್ಕವರ ಮದುವೆಯಾಗಿ 15 ವರ್ಷದ ಮೇಲೆ. "ಈಗ ಅಕ್ಕ ಇಲ್ವಲ್ಲ, ನಾನೇ ಹೆಂಡ್ತಿ ಅಲ್ವಾ?" ಅಂತ ಅವರು ಕೇಳಿದರು. ಅಲ್ಲ. ಹುಟ್ಟುವಾಗಲೇ ಅಸಿಂಧುವಾದ ಮದುವೆ, ಅಕ್ಕ ತೀರಿಕೊಂಡ ಮಾತ್ರಕ್ಕೆ ಸಿಂಧುವಾಗುವುದಿಲ್ಲ. ಗಂಡ ವಿಲ್ ಬರೆದಿಟ್ಟಿದ್ದರೆ ಮಾತು ಬೇರೆ. ಸ್ವಂತ ಆಸ್ತಿಯನ್ನೂ, ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನೂ ಯಾರಿಗೆ ಬೇಕಾದರೂ ವಿಲ್ ಮಾಡಬಹುದಿತ್ತು. ಮಾಡಿರಲಿಲ್ಲ. ಹಾಗಾಗಿ ವಿಧವೆ ಅನ್ನುವ ಲೆಕ್ಕದಲ್ಲಿ ಅವರಿಗೆ ಒಂದು ಗುಂಟೆಯೂ ಬರುವುದಿಲ್ಲ. 27 ವರ್ಷ ಸಂಸಾರ ಮಾಡಿ, ಗಂಡನ ಕೊನೆಗಾಲದಲ್ಲಿ ಹೇಲು ಉಚ್ಚೆ ಬಳಿದವರಿಗೆ ಈ ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆದರೆ ಮಕ್ಕಳ ವಿಷಯ ಹಾಗಲ್ಲ. ಅದೇ ಕಾಯ್ದೆಯ 16ನೇ ಕಲಂ, ಮದುವೆ ಅಸಿಂಧುವಾದರೂ ಅದರಲ್ಲಿ ಹುಟ್ಟಿದ ಮಕ್ಕಳು ಸಕ್ರಮ ಅನ್ನುತ್ತದೆ. ಜೊತೆಗೆ ಒಂದು ಮಿತಿ ಹಾಕುತ್ತದೆ: ಅವರ ಹಕ್ಕು ತಂದೆ ತಾಯಿಯ ಆಸ್ತಿಯಲ್ಲಿ ಮಾತ್ರ, ಬೇರೆ ಯಾರ ಆಸ್ತಿಯಲ್ಲೂ ಇಲ್ಲ. ಹಾಗಾದರೆ ಪಿತ್ರಾರ್ಜಿತ ಜಮೀನಿನ ಗತಿ ಏನು? ಇದರ ಮೇಲೆ ವರ್ಷಗಟ್ಟಲೆ ಗೊಂದಲವಿತ್ತು. ಅದನ್ನು ಬಗೆಹರಿಸಿದ್ದು ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣ. 2011ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದನ್ನು ದೊಡ್ಡ ಪೀಠಕ್ಕೆ ಕಳಿಸಿದರು. 2023ರ ಸೆಪ್ಟೆಂಬರ್ 1ರಂದು ಮೂವರ ಪೀಠ ತೀರ್ಪು ಕೊಟ್ಟಿತು.

ತೀರ್ಪನ್ನು ನನ್ನ ಮೇಜಿನ ಭಾಷೆಯಲ್ಲಿ ಹೇಳುತ್ತೇನೆ. ತಂದೆ ಸಾಯುವ ಮುಂಚಿನ ಗಳಿಗೆಯಲ್ಲಿ ಮನೆಯಲ್ಲಿ ಪಾಲಾಗಿತ್ತು ಅಂತ ಅಂದುಕೊಳ್ಳಬೇಕು. ಆ ಪಾಲಿನಲ್ಲಿ ತಂದೆಗೆ ಎಷ್ಟು ಬರುತ್ತಿತ್ತೋ ಅದು ತಂದೆಯ ಆಸ್ತಿ. ಅದರಲ್ಲಿ ಎರಡೂ ಕಡೆಯ ಮಕ್ಕಳಿಗೆ ಸಮಪಾಲು. ಆದರೆ ಚಿಕ್ಕ ಹೆಂಡತಿಯ ಮಕ್ಕಳು ಹುಟ್ಟಿನಿಂದ ಕೂಡುಕುಟುಂಬದ ಪಾಲುದಾರರಲ್ಲ. ತಂದೆ ಬದುಕಿರುವಾಗ ಪಾಲು ಕೊಡಿ ಅಂತ ಕೇಳುವ ಹಾಗಿಲ್ಲ.

ಆ ಮನೆಯ ಲೆಕ್ಕ ಹಾಕೋಣ. ಪಿತ್ರಾರ್ಜಿತ 12 ಎಕರೆ. ದೊಡ್ಡ ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ಅಂದುಕೊಂಡ ಪಾಲಿಗೆ ಮೂವರು: ತಂದೆ, ದೊಡ್ಡ ಕಡೆಯ ಮಗ, ಮಗಳು. ತಲಾ 4 ಎಕರೆ. ಈಗ ತಂದೆಯ 4 ಎಕರೆಯನ್ನು ಎರಡೂ ಕಡೆಯ ನಾಲ್ಕು ಮಕ್ಕಳಿಗೆ ಹಂಚಬೇಕು, ತಲಾ 1 ಎಕರೆ. ಅಲ್ಲಿಗೆ ದೊಡ್ಡ ಕಡೆಯ ಇಬ್ಬರಿಗೆ 5, 5. ಚಿಕ್ಕ ಕಡೆಯ ಇಬ್ಬರಿಗೆ 1, 1. ಇದಲ್ಲದೆ ಯಜಮಾನರು ಸ್ವಂತ ದುಡಿಮೆಯಲ್ಲಿ ಕೊಂಡ 2 ಎಕರೆ ಇತ್ತು. ಅದು ಪೂರ್ತಿ ಅವರದೇ, ಹಾಗಾಗಿ ನಾಲ್ವರಿಗೂ ತಲಾ 20 ಗುಂಟೆ.

ನೋಡಿ, ಕಚೇರಿಯಲ್ಲಿ ಹೇಳಿದ ಲೆಕ್ಕ ಸೊನ್ನೆ. ಆ ಹುಡುಗನ ಮನಸ್ಸಿನಲ್ಲಿದ್ದ ಲೆಕ್ಕ, ನಾಲ್ಕು ಮಕ್ಕಳಿಗೆ 12 ಎಕರೆ, ತಲಾ 3. ಎರಡೂ ತಪ್ಪು. ದೊಡ್ಡ ಕಡೆಯವರಿಗೆ ಇವರು ನಮ್ಮ 12 ಎಕರೆಗೆ ಸಮನಾಗಿ ಕೈ ಹಾಕುತ್ತಾರೆ ಅನ್ನುವ ಭಯ. ಆ ಭಯಕ್ಕೇ ಹೆಸರು ಬಿಟ್ಟಿದ್ದು ಅಂತ ನನ್ನ ಅನುಮಾನ. ಅವರ ಸಿಟ್ಟಿಗೂ ಕಾರಣವಿದೆ, ಅದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ತಾಯಿ ಮನೆಯಲ್ಲಿರುವಾಗಲೇ ಅಪ್ಪ ಇನ್ನೊಬ್ಬಳನ್ನು ತಂದರೆ ಯಾವ ಮಕ್ಕಳಿಗೆ ಹಿಡಿಸುತ್ತದೆ? ಆದರೆ ಅವರ 4, 4 ಎಕರೆಯನ್ನು ಈ ತೀರ್ಪು ಮುಟ್ಟುವುದೇ ಇಲ್ಲ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. 'ಎರಡನೇ ಹೆಂಡತಿ' ಅಂದ ತಕ್ಷಣ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಮೊದಲ ಹೆಂಡತಿ ತೀರಿಕೊಂಡ ಮೇಲೆ, ಇಲ್ಲವೇ ಕೋರ್ಟಿನಲ್ಲಿ ವಿಚ್ಛೇದನವಾದ ಮೇಲೆ ಮದುವೆಯಾದವರು ಪೂರ್ಣ ಹೆಂಡತಿ. ಅವರು ಮೊದಲ ದರ್ಜೆಯ ವಾರಸುದಾರರು. ಅವರ ಮಕ್ಕಳು ಹುಟ್ಟಿನಿಂದಲೇ ಪಾಲುದಾರರು, ಅಣ್ಣ ಅಕ್ಕಂದಿರಷ್ಟೇ ಸಮ. ಅಂಥವರನ್ನೂ 'ಎರಡನೇ ಸಂಬಂಧ' ಅಂತ ವಾಪಸ್ ಕಳಿಸಿದ್ದನ್ನು ಕಂಡಿದ್ದೇನೆ. ಪಂಚಾಯ್ತಿಯಲ್ಲಿ ಬಿಡುಗಡೆ ಪತ್ರ ಬರೆಸಿಕೊಂಡು ಮದುವೆಯಾದವರದು ಮತ್ತೆ ಬೇರೆ ಕಥೆ. ಛಾಪಾ ಕಾಗದದ ಬಿಡುಗಡೆಯನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ ಸಮುದಾಯದಲ್ಲಿ ಅದು ಹಿಂದಿನಿಂದ ಬಂದ ರೂಢಿ ಅಂತ ಸಾಕ್ಷಿ ಸಮೇತ ತೋರಿಸಬೇಕಾಗುತ್ತದೆ. (ನಾನು ಹೇಳುತ್ತಿರುವುದೆಲ್ಲ ಹಿಂದೂ ಕಾನೂನಿಗೆ ಒಳಪಟ್ಟವರ ಮಾತು. ಮುಸ್ಲಿಮರ ಲೆಕ್ಕ ಬೇರೆ.)

ಎಲ್ಲವೂ ನಿಂತಿರುವುದು ಎರಡು ತಾರೀಖಿನ ಮೇಲೆ. ಎರಡನೇ ಮದುವೆ ಯಾವಾಗ ಆಯಿತು? ಮೊದಲ ಹೆಂಡತಿ ಯಾವಾಗ ತೀರಿಕೊಂಡರು, ಅಥವಾ ಯಾವಾಗ ವಿಚ್ಛೇದನವಾಯಿತು? ನಾನು ಬರೆದುಕೊಟ್ಟ ಅಷ್ಟೂ ವಂಶವೃಕ್ಷದ ಅಫಿಡವಿಟ್ಟುಗಳಲ್ಲಿ ಈ ಎರಡು ತಾರೀಖನ್ನು ನನ್ನಿಂದ ಯಾರೂ ಕೇಳಿಲ್ಲ.

ಈಗ ನಿಮ್ಮ ಇಲಾಖೆಯ ಕೆಲಸ. ಪೌತಿ ಖಾತೆಗೆ ಅರ್ಜಿ ಕೊಡುವವರು ಸಾಮಾನ್ಯವಾಗಿ ಜಮೀನು ಕೈಯಲ್ಲಿರುವವರು. ವಂಶವೃಕ್ಷದ ಅಫಿಡವಿಟ್ ಅವರದೇ. ಮಹಜರಿಗೆ ಸಹಿ ಹಾಕುವವರು ಅವರ ಅಕ್ಕಪಕ್ಕದವರು. ಭೂ ಕಂದಾಯ ಕಾಯ್ದೆಯ 129ನೇ ಕಲಂ ಪ್ರಕಾರ, ಹಿತಾಸಕ್ತಿ ಇರುವಂತೆ ದಾಖಲೆಯಲ್ಲಿ ಕಾಣುವವರಿಗೆ ನೋಟಿಸ್ ಹೋಗಬೇಕು. ವಂಶವೃಕ್ಷದಲ್ಲೇ ಹೆಸರಿಲ್ಲದ ಮೇಲೆ ದಾಖಲೆಯಲ್ಲಿ ಕಾಣುವುದು ಹೇಗೆ? ಚಾವಡಿಯ ಗೋಡೆಗೆ ಅಂಟಿಸಿದ ಕಾಗದ, ಪಟ್ಟಣದಲ್ಲಿ ಆಟೋ ಓಡಿಸುವವನ ಕಣ್ಣಿಗೆ ಬೀಳುವುದು ಹೇಗೆ? ತಕರಾರಿನ ಅವಧಿ ಮುಗಿಯುತ್ತದೆ, ಖಾತೆ ಆಗುತ್ತದೆ. ಆಮೇಲೆ 133ನೇ ಕಲಂ ಬರುತ್ತದೆ: ಪಹಣಿಯಲ್ಲಿ ಇರುವುದು ಸುಳ್ಳು ಅಂತ ಸಾಬೀತಾಗುವ ತನಕ ಅದನ್ನೇ ನಿಜ ಅಂತ ನಂಬಬೇಕು. ಹೆಸರು ಬಿಟ್ಟವರಿಗೆ ಇರುವ ದಾರಿ, 136ನೇ ಕಲಂ ಕೆಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಥವಾ ಸಿವಿಲ್ ದಾವೆ. ಅಷ್ಟರಲ್ಲಿ ಆ ಪಹಣಿ ತೋರಿಸಿ ಜಮೀನು ಮಾರಲೂಬಹುದು, ಬ್ಯಾಂಕಿಗೆ ಅಡ ಇಡಲೂಬಹುದು.

ಗ್ರಾಮ ಆಡಳಿತಾಧಿಕಾರಿ ಹಕ್ಕು ತೀರ್ಮಾನ ಮಾಡಲಿ ಅಂತ ನಾನು ಕೇಳುತ್ತಿಲ್ಲ. ಅದು ಕೋರ್ಟಿನ ಕೆಲಸ. ನನ್ನ ತಕರಾರೇ ಅದು. "ಎರಡನೇ ಸಂಬಂಧಕ್ಕೆ ಬರಲ್ಲ" ಅಂತ ಹೆಸರು ಬಿಟ್ಟಾಗ ಅವರು ಮಾಡಿದ್ದು ತೀರ್ಮಾನವಲ್ಲದೆ ಇನ್ನೇನು? ವಂಶವೃಕ್ಷ ಅಂದರೆ ಯಾರಿಗೆ ಯಾರು ಹುಟ್ಟಿದರು ಅನ್ನುವ ಪಟ್ಟಿ. ಯಾರಿಗೆ ಎಷ್ಟು ಬರುತ್ತದೆ ಅನ್ನುವ ಪಟ್ಟಿಯಲ್ಲ.

ಹಾಗಾಗಿ ಒಂದು ಸುತ್ತೋಲೆ ಹೊರಡಿಸಿ. ಮೃತರಿಗೆ ಯಾವ ಮದುವೆಯಿಂದ ಹುಟ್ಟಿದ್ದರೂ ಎಲ್ಲ ಮಕ್ಕಳ ಹೆಸರೂ ವಂಶವೃಕ್ಷದಲ್ಲಿ ಬರಬೇಕು, ಪಕ್ಕದಲ್ಲಿ ತಾಯಿಯ ಹೆಸರು ಇರಬೇಕು ಅಂತ ಹೇಳಿ. ಅಫಿಡವಿಟ್ಟಿನಲ್ಲಿ ಆ ಎರಡು ತಾರೀಖಿಗೆ ಜಾಗ ಮಾಡಿ, ಬೇರೆ ಮದುವೆ ಇಲ್ಲವಾದರೆ ಇಲ್ಲ ಅಂತ ಅರ್ಜಿದಾರರೇ ಬರೆದು ಸಹಿ ಹಾಕಲಿ. ಎರಡನೇ ಮದುವೆಯ ಮಕ್ಕಳಿದ್ದರೆ ಅವರು ಇರುವ ವಿಳಾಸಕ್ಕೆ ನೋಟಿಸ್ ಹೋಗಲಿ, ಗೋಡೆಗೆ ಅಂಟಿಸಿದ್ದು ಸಾಲದು. ತಕರಾರು ಬಂದರೆ ಇತ್ಯರ್ಥವಾಗುವ ತನಕ 11ನೇ ಕಾಲಂನಲ್ಲಿ ಅದು ಕಾಣಲಿ. ಕೊಳ್ಳಲು ಬರುವವನೂ ನೋಡಿಕೊಳ್ಳುತ್ತಾನೆ. ಸುತ್ತೋಲೆಯ ಕೊನೆಗೆ 12 ಎಕರೆಯಂಥದ್ದೇ ಒಂದು ಲೆಕ್ಕವನ್ನೂ ಹಾಕಿಸಿ. ಕಲಂ ಸಂಖ್ಯೆ ಓದಿ ಯಾರಿಗೂ ಅರ್ಥವಾಗುವುದಿಲ್ಲ, ಎಕರೆ ಗುಂಟೆಯಲ್ಲಿ ಹೇಳಿದರೆ ಆಗುತ್ತದೆ.

ಸುಳ್ಳು ಹಕ್ಕು ಹೇಳಿಕೊಂಡು ಬರುವವರು ಇರುವುದಿಲ್ಲವೇ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಇರುತ್ತಾರೆ. ಆದರೆ ಮಕ್ಕಳ ಶಾಲಾ ದಾಖಲೆಯಲ್ಲಿ ತಂದೆಯ ಹೆಸರು, ರೇಷನ್ ಕಾರ್ಡು, ಮತದಾರರ ಪಟ್ಟಿ, ಇವನ್ನು ಹತ್ತು ವರ್ಷ ಮೊದಲೇ ಯೋಚಿಸಿ ಸುಳ್ಳು ಮಾಡುವವರು ಕಡಿಮೆ. ಸಂಶಯ ಬಂದರೆ ತಕರಾರು ಪ್ರಕರಣ ಅಂತ ತಹಶೀಲ್ದಾರರ ಮುಂದಿಡಿ. ಎರಡು ಕಡೆಯವರಿಗೂ ಅಲ್ಲಿ ಒಂದು ಕುರ್ಚಿ ಸಿಗುತ್ತದೆ.

ನೌಕರಿ ವಿಷಯದಲ್ಲಿ ಇದು ಆಗಲೇ ಸರಿಹೋಗಿದೆ ಅನ್ನುವುದು ನಿಮಗೂ ಗೊತ್ತಿರುತ್ತದೆ. ಎರಡನೇ ಹೆಂಡತಿಯ ಮಗ ಅನ್ನುವ ಕಾರಣಕ್ಕೆ ಕೆಪಿಟಿಸಿಎಲ್ ಅನುಕಂಪದ ಕೆಲಸ ನಿರಾಕರಿಸಿದ್ದನ್ನು ನಮ್ಮ ಹೈಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ಅನುಕಂಪದ ಕೆಲಸಕ್ಕೆ ಮಗನಾದವನು ಅಪ್ಪನ ವಂಶವೃಕ್ಷಕ್ಕೆ ಮಗನಲ್ಲವೇ?

ಆ ತಾಯಿಯ ಮಕ್ಕಳ ಮೇಲ್ಮನವಿ ಈಗ ಉಪವಿಭಾಗಾಧಿಕಾರಿಗಳ ಮುಂದಿದೆ. ನಾಲ್ಕು ವಾಯಿದೆ ಆಯಿತು, ಮೂರು ಸಲ ಸಾಹೇಬರು ಬೇರೆ ಕೆಲಸದ ಮೇಲೆ ಹೋಗಿದ್ದರು. ನಾಲ್ಕನೆಯ ಸಲ ಹೊರಗಿನ ಬೆಂಚಿನಲ್ಲಿ ದೊಡ್ಡ ಕಡೆಯ ಮಗ ಪಕ್ಕದಲ್ಲೇ ಕೂತಿದ್ದನಂತೆ. ಹುಡುಗ ನನ್ನ ಲೆಕ್ಕದ ಚೀಟಿ ತೆಗೆದು ತೋರಿಸಿದನಂತೆ. ಅವನು ಎರಡು ಸಲ ಓದಿ, "ಇಷ್ಟೇನಾ?" ಅಂದನಂತೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕಚೇರಿ ಎದುರಿನ ಒಬ್ಬ ದಸ್ತಾವೇಜು ಬರಹಗಾರ